ಅಪ್ಪನ ಜಮೀನು ಮಾರಿದ ಮೇಲೆ: ತೆರಿಗೆಗೆ ನಾಲ್ಕು ದಾರಿ, ಹೂಡಿಕೆಗೆ ಹದಿನೆಂಟು ಕಂತು

ಜಮೀನು ಮಾರಿದವರನ್ನು ಅವಸರಕ್ಕೆ ದೂಡುವುದು ಎರಡು ಸಂಗತಿ. ಒಂದು ಆದಾಯ ತೆರಿಗೆಯ ಗಡುವು, ಇನ್ನೊಂದು ನೆಂಟರಿಷ್ಟರ ಸಲಹೆ. ಗಡುವು ನಿಜ, ತಪ್ಪಿದರೆ ದುಡ್ಡು ಹೋಗುತ್ತದೆ. ಸಲಹೆಗೆ ಯಾವ ಗಡುವೂ ಇಲ್ಲ, ಆದರೂ ಅದೇ ಹೆಚ್ಚು ಅವಸರ ಮಾಡುತ್ತದೆ. ಆದ್ದರಿಂದ ತೆರಿಗೆಯ ಲೆಕ್ಕವನ್ನು ಬೇಗ ಮುಗಿಸಿ, ಹೂಡಿಕೆಯನ್ನು ನಿಧಾನ ಮಾಡುವುದು ಈ ಬರಹದ ನಿಲುವು. ಈ ಎರಡನ್ನೂ ಒಂದೇ ಏಟಿಗೆ ಮುಗಿಸಲು ಹೋದವರು ಒಂದು ಜಮೀನಿನಲ್ಲಿದ್ದ ಅಷ್ಟೂ ಹಣವನ್ನು ಇನ್ನೊಂದು ಒಂಟಿ ಆಸ್ತಿಯಲ್ಲಿ ಸಿಕ್ಕಿಸಿಬಿಡುತ್ತಾರೆ.

ಲೆಕ್ಕ ಅರ್ಥವಾಗಲು ಒಂದು ಕಲ್ಪಿತ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ಅಪ್ಪ 1994ರಲ್ಲಿ ಸ್ವಂತ ದುಡಿಮೆಯಿಂದ ಕೊಂಡ ಎರಡು ಎಕರೆ. ಅವರು 2018ರಲ್ಲಿ ತೀರಿಕೊಂಡರು, ಜಮೀನು ಅಕ್ಕ-ತಮ್ಮ ಇಬ್ಬರಿಗೆ ಸಮಪಾಲಾಗಿ ಬಂತು, ಪೌತಿ ಖಾತೆಯೂ ಆಯಿತು. 2025ರ ಡಿಸೆಂಬರ್ 10ರಂದು ಒಂದೂವರೆ ಕೋಟಿಗೆ ಕ್ರಯಪತ್ರ ನೋಂದಣಿಯಾಯಿತು. ತಲಾ 75 ಲಕ್ಷ. ಅಕ್ಕನಿಗೆ 61 ವರ್ಷ, ತಮ್ಮನಿಗೆ 46. ತೆರಿಗೆಯ ಮಟ್ಟಿಗೆ ಇಬ್ಬರೂ ಬೇರೆ ಬೇರೆ ಮಾರಾಟಗಾರರು. ವಿನಾಯಿತಿಯ ಮಿತಿಗಳೂ ಇಬ್ಬರಿಗೂ ಬೇರೆ ಬೇರೆಯೇ ಸಿಗುತ್ತವೆ. ಅಜ್ಜ-ಮುತ್ತಜ್ಜನ ಕಾಲದಿಂದ ಅವಿಭಕ್ತ ಕುಟುಂಬದಲ್ಲಿ ಉಳಿದುಬಂದ ಜಮೀನಾದರೆ ಲಾಭ ಕುಟುಂಬದ ಹೆಸರಲ್ಲಿ ಬರಬೇಕೇ, ವ್ಯಕ್ತಿಯ ಹೆಸರಲ್ಲಿ ಬರಬೇಕೇ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಮಾರುವ ಮೊದಲೇ ಆಡಿಟರ್ ಹತ್ತಿರ ಇತ್ಯರ್ಥ ಮಾಡಿಕೊಳ್ಳಿ.

ಇಲ್ಲಿ ಬಳಸಿರುವುದು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ಸಂಖ್ಯೆಗಳು, ಆಡಿಟರುಗಳ ಬಾಯಲ್ಲಿರುವುದೂ ಅವೇ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸಂಖ್ಯೆಗಳು ಬದಲಾಗಿವೆ.

ಮೊದಲು ಗೆರೆ ಎಲ್ಲಿದೆ ನೋಡಿ

ಎಲ್ಲ ಹೋಲಿಕೆಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಜಮೀನು ತೆರಿಗೆ ಇಲಾಖೆಯ ಕಣ್ಣಿಗೆ ಗ್ರಾಮೀಣವೋ, ಅಲ್ಲವೋ? ಗ್ರಾಮೀಣ ಕೃಷಿ ಜಮೀನು ‘ಬಂಡವಾಳ ಆಸ್ತಿ’ಯೇ ಅಲ್ಲ. ಅದನ್ನು ಎರಡು ಕೋಟಿಗೆ ಮಾರಿದರೂ ಲಾಭದ ಮೇಲೆ ತೆರಿಗೆ ಇಲ್ಲ, ಯಾವ ಬಾಂಡನ್ನೂ ಕೊಳ್ಳಬೇಕಿಲ್ಲ.

ಗೆರೆ ಎಳೆಯುವುದು ಹೀಗೆ. ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಅಥವಾ ಪಾಲಿಕೆಯ ಗಡಿಯೊಳಗಿದ್ದರೆ ಅದು ಗ್ರಾಮೀಣವಲ್ಲ. ಗಡಿಯ ಹೊರಗಿದ್ದರೂ, ಆ ಊರಿನ ಜನಸಂಖ್ಯೆ ಒಂದು ಲಕ್ಷದವರೆಗಿದ್ದರೆ 2 ಕಿಲೋಮೀಟರ್, ಒಂದರಿಂದ ಹತ್ತು ಲಕ್ಷದವರೆಗಿದ್ದರೆ 6 ಕಿಲೋಮೀಟರ್, ಹತ್ತು ಲಕ್ಷ ದಾಟಿದ್ದರೆ 8 ಕಿಲೋಮೀಟರ್ ಒಳಗೆ ಬಂದ ಜಮೀನು ತೆರಿಗೆಗೆ ಸಿಗುತ್ತದೆ. ಜನಸಂಖ್ಯೆಗೆ ಆಧಾರ ಪ್ರಕಟವಾಗಿರುವ ಕೊನೆಯ ಜನಗಣತಿ.

ಜನ ಎಡವುವುದು ದೂರ ಅಳೆಯುವಲ್ಲಿ. ಈಗಿನ ನಿಯಮದಲ್ಲಿ ಲೆಕ್ಕಕ್ಕೆ ಬರುವುದು ಹಕ್ಕಿ ಹಾರುವ ನೇರ ದೂರ, ರಸ್ತೆಯ ದೂರವಲ್ಲ. ಅದನ್ನೂ ಊರಿನ ಬಸ್ ನಿಲ್ದಾಣದಿಂದಲ್ಲ, ಸ್ಥಳೀಯ ಸಂಸ್ಥೆಯ ಗಡಿಯಿಂದ ಅಳೆಯಬೇಕು. ನಮ್ಮ ಉದಾಹರಣೆಯ ಜಮೀನು ಎರಡು ಲಕ್ಷ ಜನರಿರುವ ನಗರದ ಗಡಿಯಿಂದ ರಸ್ತೆಯಲ್ಲಿ ಏಳೂವರೆ ಕಿಲೋಮೀಟರ್, ನೇರ ಅಳತೆಯಲ್ಲಿ ನಾಲ್ಕೂಮುಕ್ಕಾಲು. ಮಾಲೀಕರು ರಸ್ತೆ ನೋಡಿ ‘ಆರು ದಾಟಿದೆ’ ಅಂದುಕೊಂಡರೆ ಹತ್ತು ಲಕ್ಷ ರೂಪಾಯಿಯ ತಪ್ಪಾಗುತ್ತದೆ. ಅಕ್ಕಪಕ್ಕದ ಗ್ರಾಮಗಳು ಈಚೆಗೆ ನಗರದ ವ್ಯಾಪ್ತಿಗೆ ಸೇರಿದ್ದರೆ ಗಡಿಯೇ ನಿಮ್ಮತ್ತ ಸರಿದಿರುತ್ತದೆ, ಹಳೆಯ ನಕ್ಷೆ ನಂಬಬೇಡಿ.

ಇನ್ನೊಂದು ಬಲೆ ಭೂಪರಿವರ್ತನೆ. ಬೆಲೆ ಹೆಚ್ಚು ಬರಲೆಂದು ಮಾರುವ ಮುಂಚೆ ಮಾಲೀಕರೇ ಜಮೀನನ್ನು ಅಲಿನೇಶನ್ ಮಾಡಿಸಿದರೆ ಅದು ಕೃಷಿ ಜಮೀನಾಗಿ ಉಳಿಯುವುದಿಲ್ಲ. ಗೆರೆಯ ಎಷ್ಟೇ ಆಚೆಗಿದ್ದರೂ ತೆರಿಗೆ ಬೀಳುತ್ತದೆ. ಆ ಖರ್ಚನ್ನೂ ತಲೆನೋವನ್ನೂ ಕೊಳ್ಳುವವರಿಗೆ ಬಿಡುವುದು ಅನೇಕ ಸಲ ಲಾಭ.

ಗ್ರಾಮೀಣವೆಂದು ಖಚಿತವಾದರೂ ಕಡತ ಇಟ್ಟುಕೊಳ್ಳಿ. 30 ಲಕ್ಷ ಮತ್ತು ಮೇಲಿನ ನೋಂದಣಿಗಳ ವಿವರ ಉಪನೋಂದಣಾಧಿಕಾರಿ ಕಚೇರಿಯಿಂದ ಇಲಾಖೆಗೆ ಹೋಗಿ, ಅದು ಇಡುವ ನಿಮ್ಮ ವ್ಯವಹಾರಗಳ ವಾರ್ಷಿಕ ಪಟ್ಟಿಯಾದ ಎಐಎಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ನೋಟಿಸ್ ಬಂದಾಗ ದೂರದ ದೃಢೀಕರಣ, ಜನಗಣತಿಯ ಅಂಕಿ, ಬೆಳೆ ದಾಖಲಾಗಿರುವ ಪಹಣಿ ಈ ಮೂರು ಕೈಯಲ್ಲಿದ್ದರೆ ಒಂದೇ ಉತ್ತರದಲ್ಲಿ ಮುಗಿಯುತ್ತದೆ. ಇಂಥವರು ಮುಂದಿನ ಎರಡು ಭಾಗ ಬಿಟ್ಟು ನೇರ ಹೂಡಿಕೆಯ ಭಾಗಕ್ಕೆ ಹೋಗಬಹುದು.

ತೆರಿಗೆ ಎಷ್ಟು: ಶೇ 12.5 ಅಥವಾ ಶೇ 20

ಉತ್ತರಾಧಿಕಾರದಲ್ಲಿ ಬಂದ ಜಮೀನಿಗೆ ನೀವು ಕಾಸು ಕೊಟ್ಟಿಲ್ಲವೆಂದು ಅಸಲು ಸೊನ್ನೆಯಾಗುವುದಿಲ್ಲ. ಅಪ್ಪ ಕೊಟ್ಟ ಬೆಲೆಯೇ ನಿಮ್ಮ ಅಸಲು. ಅವರು ಕೊಂಡದ್ದು 2001ರ ಏಪ್ರಿಲ್ 1ಕ್ಕಿಂತ ಮುಂಚೆಯಾದರೆ, ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲಾಗಿ ತೆಗೆದುಕೊಳ್ಳಬಹುದು. ಆದರೆ ಅದು ಅಂದಿನ ಸರ್ಕಾರಿ ಮಾರ್ಗಸೂಚಿ ದರವನ್ನು ಮೀರುವಂತಿಲ್ಲ. ಹಾಗಾಗಿ ಮೌಲ್ಯಮಾಪಕರಿಂದ ದೊಡ್ಡ ಅಂಕಿ ಬರೆಸಿಕೊಂಡು ಉಪಯೋಗವಿಲ್ಲ. ಉಪನೋಂದಣಾಧಿಕಾರಿ ಕಚೇರಿಯಿಂದ 2001ರ ದರಪಟ್ಟಿಯ ನಕಲು ತರಿಸಿಕೊಳ್ಳಿ.

ಆ ದರದ ಪ್ರಕಾರ ತಮ್ಮನ ಪಾಲಿನ ಒಂದು ಎಕರೆಗೆ ಎರಡೂವರೆ ಲಕ್ಷ ಅನ್ನೋಣ. ದಲ್ಲಾಳಿ ಮತ್ತು ವಕೀಲರಿಗೆ ಅವನ ಪಾಲಿನ ಖರ್ಚು 50 ಸಾವಿರ. 75 ಲಕ್ಷದಿಂದ ಇವೆರಡನ್ನೂ ಕಳೆದರೆ ಲಾಭ 72 ಲಕ್ಷ, ಶೇ 12.5ರಂತೆ ತೆರಿಗೆ 9 ಲಕ್ಷ.

2024ರ ಜುಲೈ 23ಕ್ಕಿಂತ ಮುಂಚೆ ಪಡೆದ ಭೂಮಿಗೆ ಭಾರತದ ನಿವಾಸಿಗಳು ಇನ್ನೊಂದು ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಅಸಲನ್ನು ಹಣದುಬ್ಬರ ಸೂಚ್ಯಂಕದಿಂದ ಹಿಗ್ಗಿಸಿ, ಉಳಿದ ಲಾಭಕ್ಕೆ ಶೇ 20 ಕಟ್ಟುವುದು ಆ ಲೆಕ್ಕ. ಸೂಚ್ಯಂಕ 2001-02ಕ್ಕೆ 100, 2025-26ಕ್ಕೆ 376. ಎರಡೂವರೆ ಲಕ್ಷ 9.4 ಲಕ್ಷವಾಗುತ್ತದೆ, ಲಾಭ 65.1 ಲಕ್ಷಕ್ಕೆ ಇಳಿಯುತ್ತದೆ, ತೆರಿಗೆ ಮಾತ್ರ 13.02 ಲಕ್ಷಕ್ಕೆ ಏರುತ್ತದೆ. ಇಲ್ಲಿ ಶೇ 12.5 ಲೇಸು.

ಇದಕ್ಕೊಂದು ಅಂದಾಜು ಸೂತ್ರವಿದೆ. ಮಾರಿದ ಬೆಲೆ 2001ರ ಬೆಲೆಯ ಎಂಟು ಪಟ್ಟಿಗಿಂತ ಕಡಿಮೆಯಿದ್ದರೆ ಶೇ 20ರ ಲೆಕ್ಕ ಗೆಲ್ಲುತ್ತದೆ, ಒಂಬತ್ತು ಪಟ್ಟು ದಾಟಿದರೆ ಶೇ 12.5. ನಗರದಂಚಿನ ಜಮೀನುಗಳು ಬಹುಮಟ್ಟಿಗೆ ಎರಡನೆಯ ಗುಂಪಿನವು. ಸೂಚ್ಯಂಕವನ್ನು 2001ರಿಂದ ಹಿಡಿಯಬೇಕೇ, ವಾರಸುದಾರರಿಗೆ ಬಂದ ವರ್ಷದಿಂದಲೇ ಎಂಬುದು ಬಹಳ ಕಾಲ ತಕರಾರಿನಲ್ಲಿತ್ತು. ಹಿಂದಿನ ಮಾಲೀಕರ ಕಾಲದಿಂದಲೇ ಎಂದು ಬಾಂಬೆ ಹೈಕೋರ್ಟ್ ಹೇಳಿದ್ದು ತೆರಿಗೆದಾರರ ಪರವಾಗಿದೆ.

ಒಂಬತ್ತು ಲಕ್ಷಕ್ಕೇ ನಿಲ್ಲುವುದಿಲ್ಲ. ಆ ವರ್ಷದ ಒಟ್ಟು ಆದಾಯ 50 ಲಕ್ಷ ದಾಟಿದ್ದರಿಂದ ತೆರಿಗೆಯ ಮೇಲೆ ಶೇ 10 ಸರ್ಚಾರ್ಜ್, ಆಮೇಲೆ ಶೇ 4 ಸೆಸ್. ತಮ್ಮನ ಬೇರೆ ಆದಾಯವನ್ನೂ ಮೂಲ ವಿನಾಯಿತಿಯನ್ನೂ ಬದಿಗಿಟ್ಟರೆ ಒಟ್ಟು 10,29,600 ರೂಪಾಯಿ. ಮುಂದಿನ ಹೋಲಿಕೆಗೆ ಈ ಅಂಕಿಯೇ ಅಳತೆಗೋಲು. ಕೊಂಡವರು ಶೇ 1ರಷ್ಟು, ಅಂದರೆ 75 ಸಾವಿರ ಟಿಡಿಎಸ್ ಹಿಡಿದಿರುತ್ತಾರೆ. ಅದು ಇದರೊಳಗೇ ಜಮೆ, ನಿಮ್ಮ ಹೆಸರಿನ ತೆರಿಗೆ ಜಮೆಯ ಪಟ್ಟಿಯಾದ 26ಎಎಸ್‌ನಲ್ಲಿ ಬಂದಿದೆಯೇ ನೋಡಿಕೊಳ್ಳಿ.

ನಗದಿನ ಮಾತನ್ನು ಇಲ್ಲೇ ಮುಗಿಸೋಣ. ‘ಅರ್ಧ ಚೆಕ್ಕು, ಅರ್ಧ ಕ್ಯಾಶು’ ಎನ್ನುವ ಗಿರಾಕಿ ಬಂದೇ ಬರುತ್ತಾರೆ. ಸ್ಥಿರಾಸ್ತಿ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ, ಅದೂ ಪಡೆದವರಿಗೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಆ ಹಣ ಬ್ಯಾಂಕು, ಬಾಂಡು, ಫಂಡು ಯಾವುದಕ್ಕೂ ನೇರ ದಾರಿಯಲ್ಲಿ ಹೋಗಲಾರದು. ಕೊನೆಗೆ ಕೈಸಾಲದ ಬಡ್ಡಿ ವ್ಯವಹಾರಕ್ಕೋ, ಇನ್ನೊಂದು ಕಪ್ಪು ಸೈಟಿಗೋ ಸೇರುತ್ತದೆ. ಅಪಾಯದ ಹೂಡಿಕೆಯ ಬೀಜ ಬೀಳುವುದು ಎಷ್ಟೋ ಸಲ ಕ್ರಯದ ದಿನವೇ.

ನಾಲ್ಕು ದಾರಿಗಳ ತೂಕ

ಮೊದಲ ದಾರಿ: ತೆರಿಗೆ ಕಟ್ಟಿ ಕೈತೊಳೆದುಕೊಳ್ಳುವುದು. ಸುಮಾರು ಹತ್ತೂಕಾಲು ಲಕ್ಷ ಹೋಗುತ್ತದೆ, 64 ಲಕ್ಷ ಯಾವ ಷರತ್ತೂ ಇಲ್ಲದೆ ಉಳಿಯುತ್ತದೆ. ಇದನ್ನು ಸೋಲೆಂದು ನೋಡುವ ಮನೋಭಾವವೇ ಉಳಿದ ಮೂರು ದಾರಿಗಳಲ್ಲಿ ಆಗುವ ತಪ್ಪುಗಳ ಮೂಲ.

ಎರಡನೆಯದು 54ಇಸಿ ಬಾಂಡ್. ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿಯಂಥ ಸರ್ಕಾರಿ ಸ್ವಾಮ್ಯದ ಸಂಸ್ಥೆಗಳು ಕೊಡುವ ಬಾಂಡುಗಳಿವು. ವರ್ಗಾವಣೆಯಾದ ಆರು ತಿಂಗಳೊಳಗೆ ಕೊಳ್ಳಬೇಕು, ಒಬ್ಬರಿಗೆ 50 ಲಕ್ಷದ ಮಿತಿ, ಐದು ವರ್ಷ ಮುಟ್ಟುವಂತಿಲ್ಲ. ಬಡ್ಡಿ ಶೇ 5.25, ಅದಕ್ಕೂ ತೆರಿಗೆ ಉಂಟು.

ಶೇ 5.25 ಎಂದ ಕೂಡಲೇ ಅನೇಕರು ಮುಖ ತಿರುಗಿಸುತ್ತಾರೆ. ಆದರೆ ಲೆಕ್ಕ ಹಾಕಬೇಕಾದದ್ದು ಹೀಗೆ. ಸೆಸ್ ಸೇರಿ ಶೇ 13 ತೆರಿಗೆ ಕಟ್ಟಿದರೆ ನಿಮ್ಮ ನೂರು ರೂಪಾಯಿ ಲಾಭದಲ್ಲಿ ಕೈಗೆ ಸಿಗುವುದು 87. ಬಾಂಡಿನಲ್ಲಿಟ್ಟರೆ ಆ 87ರ ಜಾಗದಲ್ಲಿ ಪ್ರತಿ ವರ್ಷ 5.25 ಬರುತ್ತದೆ, ಐದನೆಯ ವರ್ಷದ ಕೊನೆಗೆ ಪೂರಾ ನೂರು ವಾಪಸ್ ಬರುತ್ತದೆ. 87 ಹೂಡಿ ಇಷ್ಟು ಪಡೆಯುವುದೆಂದರೆ ವರ್ಷಕ್ಕೆ ಸುಮಾರು ಶೇ 8.5ರ ಗಳಿಕೆ. ಹಾಗಾಗಿ ಇದರ ಎದುರು ಇಟ್ಟು ನೋಡಬೇಕಾದದ್ದು ಬ್ಯಾಂಕ್ ಠೇವಣಿಯನ್ನು, ಷೇರನ್ನಲ್ಲ. ಠೇವಣಿಯ ಎದುರು ಇದೇ ಮೇಲು.

ಇನ್ನೂ ಒಂದು ಸೂಕ್ಷ್ಮವಿದೆ: ಬಾಂಡಿನ ಮೊದಲ ಭಾಗವೇ ಹೆಚ್ಚು ದುಡಿಯುತ್ತದೆ. ತಮ್ಮ 25 ಲಕ್ಷದ ಬಾಂಡ್ ಕೊಂಡರೆ ತೆರಿಗೆಗೆ ಬರುವ ಲಾಭ 47 ಲಕ್ಷಕ್ಕೆ ಇಳಿದು ಸರ್ಚಾರ್ಜ್ ಪೂರ್ತಿ ಬಿದ್ದುಹೋಗುತ್ತದೆ, ತೆರಿಗೆ 6,11,000. ಉಳಿತಾಯ 4,18,600. ಇನ್ನೂ 25 ಲಕ್ಷ ಹಾಕಿದರೆ ತೆರಿಗೆ 2,86,000ಕ್ಕೆ ಇಳಿಯುತ್ತದೆ, ಆದರೆ ಈ ಎರಡನೆಯ ಕಂತಿನ ಉಳಿತಾಯ 3,25,000 ಮಾತ್ರ. ಹಣ ಬೇಗ ಬೇಕಾಗಬಹುದು ಎನ್ನುವವರಿಗೆ ಅರ್ಧಕ್ಕೇ ನಿಲ್ಲಿಸುವುದು ಒಳ್ಳೆಯ ರಾಜಿ. ಈ ಬಾಂಡನ್ನು ಅಡವಿಟ್ಟು ಸಾಲ ತೆಗೆಯುವಂತಿಲ್ಲ; ತೆಗೆದರೆ ಮಾರಿದ ಹಾಗೆಯೇ ಲೆಕ್ಕವಾಗಿ ವಿನಾಯಿತಿ ರದ್ದಾಗುತ್ತದೆ.

ಗಡುವಿನ ಬಗ್ಗೆ ಎಚ್ಚರ. ಡಿಸೆಂಬರ್ 10ರ ಮಾರಾಟಕ್ಕೆ 2026ರ ಜೂನ್ ಮೊದಲ ವಾರದೊಳಗೆ ಹಣ ಬಾಂಡ್ ಸಂಸ್ಥೆಗೆ ಸೇರಿರಬೇಕು. ಆದರೆ ಕರಾರು ಮಾಡಿಕೊಂಡು, ಬಹುಪಾಲು ಹಣ ಪಡೆದು, ಸ್ವಾಧೀನವನ್ನು ಆಗಸ್ಟ್‌ನಲ್ಲೇ ಬಿಟ್ಟುಕೊಟ್ಟಿದ್ದರೆ ವರ್ಗಾವಣೆ ಆಗಲೇ ಆಯಿತೆಂದು ಇಲಾಖೆ ವಾದಿಸಬಹುದು. ಸ್ವಾಧೀನ ಕೊಡುವುದನ್ನು ನೋಂದಣಿಯ ದಿನಕ್ಕೇ ಇಟ್ಟುಕೊಂಡರೆ ಈ ಜಗಳವೇ ಹುಟ್ಟುವುದಿಲ್ಲ.

ಮೂರನೆಯದು 54ಬಿ, ಅಂದರೆ ಇನ್ನೊಂದು ಕೃಷಿ ಜಮೀನು ಕೊಳ್ಳುವುದು. ಎರಡು ವರ್ಷ ಸಮಯವಿದೆ, ಮೊತ್ತಕ್ಕೆ ಮಿತಿಯಿಲ್ಲ, ಕೊಂಡ ಮೇಲೆ ಮೂರು ವರ್ಷ ಮಾರಬಾರದು. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ (ಸಾಮಾನ್ಯವಾಗಿ ಜುಲೈ 31) ಕೊಳ್ಳಲಾಗದಿದ್ದರೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಮಾಮೂಲು ಉಳಿತಾಯ ಖಾತೆಯಲ್ಲಿದ್ದರೆ ಸಾಲದು.

ವಾರಸುದಾರರು ಇಲ್ಲಿ ಸೋಲುವುದು ಒಂದು ಷರತ್ತಿನಲ್ಲಿ. ಮಾರುವ ಹಿಂದಿನ ಎರಡು ವರ್ಷ ಆ ಜಮೀನನ್ನು ನೀವು ಅಥವಾ ನಿಮ್ಮ ತಂದೆ-ತಾಯಿ ಕೃಷಿಗೆ ಬಳಸಿರಬೇಕು. ಅಪ್ಪ ತೀರಿಕೊಂಡು ಏಳು ವರ್ಷವಾಗಿ, ಮಕ್ಕಳು ಊರು ಬಿಟ್ಟು, ಜಮೀನು ಬೀಳು ಬಿದ್ದಿದ್ದರೆ ಅಪ್ಪನ ಹಳೆಯ ಬೇಸಾಯ ಉಪಯೋಗಕ್ಕೆ ಬರುವುದಿಲ್ಲ. ಪಹಣಿಯ 12ನೇ ಕಲಂ ತೆಗೆದು ನೋಡಿ. ಅಲ್ಲಿ ಎರಡು ವರ್ಷವೂ ಸಾಗುವಳಿದಾರರಾಗಿ ನಿಮ್ಮ ಹೆಸರು, ಬೆಳೆಯಾಗಿ ರಾಗಿಯೋ ಜೋಳವೋ ಇದ್ದರೆ, ಜತೆಗೆ ಬೀಜ-ಗೊಬ್ಬರದ ರಸೀದಿಯೋ ಮಂಡಿಯ ಪಟ್ಟಿಯೋ ಇದ್ದರೆ ಮುಂದುವರಿಯಬಹುದು. ‘ಬೀಳು’ ಎಂದಿದ್ದರೆ ಈ ದಾರಿಯನ್ನು ಮರೆತುಬಿಡಿ.

ಷರತ್ತು ಪೂರೈಸಿದರೂ ಉಳಿತಾಯ ಕಾಣುವಷ್ಟಿಲ್ಲ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್-ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವ ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು ಶೇ 7.6. ಹತ್ತಿರಹತ್ತಿರ 70 ಲಕ್ಷದ ಜಮೀನಿಗೆ ಐದೂಕಾಲು ಲಕ್ಷ. ಹತ್ತೂಕಾಲು ಲಕ್ಷ ತೆರಿಗೆ ಉಳಿಸಲು ಅದರ ಅರ್ಧವನ್ನು ಇನ್ನೊಂದು ಕೌಂಟರಿನಲ್ಲಿ ಕಟ್ಟಿದಂತಾಯಿತು. ಬೇಸಾಯ ಮಾಡುವವರಿಗೆ ಇದು ಸರಿಯಾದ ದಾರಿ. ತೆರಿಗೆಗಾಗಿ ಮಾತ್ರ ಜಮೀನು ಕೊಳ್ಳುವವರಿಗಲ್ಲ.

ನಾಲ್ಕನೆಯದು 54ಎಫ್, ವಾಸದ ಮನೆ. ಎರಡು ವರ್ಷದೊಳಗೆ ಕೊಳ್ಳಬೇಕು ಅಥವಾ ಮೂರು ವರ್ಷದೊಳಗೆ ಕಟ್ಟಿಸಬೇಕು. ಮಾರಾಟದ ದಿನ ನಿಮ್ಮ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ಇಲ್ಲಿ ಪೂರ್ಣ ವಿನಾಯಿತಿಗೆ ಬರೀ ಲಾಭವನ್ನು ಹೂಡಿದರೆ ಸಾಲದು, ಮಾರಿ ಬಂದ ನಿವ್ವಳ ಮೊತ್ತವನ್ನೆಲ್ಲ ಹೂಡಬೇಕು. ತಮ್ಮ 74.5 ಲಕ್ಷದಲ್ಲಿ 40 ಲಕ್ಷದ ಮನೆ ಕೊಂಡರೆ ವಿನಾಯಿತಿ ಸಿಗುವುದು ಆ ಪ್ರಮಾಣದಲ್ಲಿ, ಸುಮಾರು 38.66 ಲಕ್ಷ ಲಾಭಕ್ಕೆ ಮಾತ್ರ. ಸ್ವಂತ ಮನೆಯಿಲ್ಲದೆ ಬಾಡಿಗೆಯಲ್ಲಿರುವವರಿಗೆ ನಾಲ್ಕರಲ್ಲಿ ಇದೇ ಉತ್ತಮ, ಎರಡು ಮಾತಿಲ್ಲ. ಮನೆಯಿದ್ದವರು ಇನ್ನೂ ಎದ್ದಿರದ ಅಪಾರ್ಟ್‌ಮೆಂಟಿಗೆ 75 ಲಕ್ಷ ಸುರಿದರೆ ತೆರಿಗೆ ಉಳಿಯುತ್ತದೆ ನಿಜ, ಆದರೆ ಅಷ್ಟೂ ಹಣ ಒಬ್ಬ ಬಿಲ್ಡರ್ ಕೈಗೆ ಹೋಗುತ್ತದೆ. ಮೂರು ವರ್ಷಕ್ಕೆ ಮನೆ ಮುಗಿಯದಿದ್ದರೆ ವಿನಾಯಿತಿಯೂ ತಕರಾರಿಗೆ ಬೀಳುತ್ತದೆ.

ನಮ್ಮ ಜೋಡಿಯಲ್ಲಿ ಇಬ್ಬರಿಗೂ ಮನೆಯಿದೆ, ಜಮೀನು ಎರಡು ವರ್ಷ ಬೀಳಿತ್ತು. ಹಾಗಾಗಿ ಉಳಿಯುವುದು ಮೊದಲೆರಡು ದಾರಿಗಳ ಬೆರಕೆ: 25 ಲಕ್ಷ ಬಾಂಡು, ಉಳಿದದ್ದಕ್ಕೆ ತೆರಿಗೆ. ತಮ್ಮ ಇದನ್ನು ಮಾರಾಟದ ಬೆನ್ನಿಗೇ ಬರುವ ಡಿಸೆಂಬರ್ 15 ಮತ್ತು ಮಾರ್ಚ್ 15ರ ಮುಂಗಡ ತೆರಿಗೆ ಕಂತುಗಳಿಗೆ ಮುನ್ನವೇ ನಿರ್ಧರಿಸಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ. 60 ದಾಟಿದ, ವ್ಯಾಪಾರದ ಆದಾಯವಿಲ್ಲದ ಅಕ್ಕನಿಗೆ ಮುಂಗಡ ತೆರಿಗೆಯ ಬಾಧ್ಯತೆಯಿಲ್ಲ. ಆಕೆ ರಿಟರ್ನ್ ಸಲ್ಲಿಸುವಾಗ ಕಟ್ಟಬಹುದು. ಇಬ್ಬರೂ ತುಂಬಬೇಕಾದ ನಮೂನೆ ಸಾಮಾನ್ಯವಾಗಿ ಐಟಿಆರ್-2.

ಉಳಿದ ಹಣ: ಒಂದೇ ಸಲವೋ, ಕಂತಿನಲ್ಲೋ

75 ಲಕ್ಷದಲ್ಲಿ ಖರ್ಚು 50 ಸಾವಿರ, ಬಾಂಡು 25 ಲಕ್ಷ, ತೆರಿಗೆ 6.11 ಲಕ್ಷ ಕಳೆದರೆ ತಮ್ಮನ ಕೈಯಲ್ಲಿ 43.39 ಲಕ್ಷ. ಮೊದಲಿಗೆ ಚಿನ್ನದ ಸಾಲ, ಕೈಸಾಲ ತೀರಿಸಲು 3.39 ಲಕ್ಷ ಇಡೋಣ. ಶೇ 11ರ ಸಾಲ ತೀರಿಸುವುದಕ್ಕಿಂತ ಖಚಿತವಾದ ಹೂಡಿಕೆ ಮಾರುಕಟ್ಟೆಯಲ್ಲಿಲ್ಲ.

ಹತ್ತು ಲಕ್ಷ ತುರ್ತಿನ ಹಣ, ಬ್ಯಾಂಕ್ ಠೇವಣಿಯಲ್ಲಿ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ, ಅದೂ ಬಡ್ಡಿ ಸೇರಿ, ಎಲ್ಲ ಶಾಖೆಗಳನ್ನೂ ಒಟ್ಟು ಹಿಡಿದು. ಆದ್ದರಿಂದ ನಾಲ್ಕೂವರೆ ಲಕ್ಷದ ಎರಡು ಠೇವಣಿ ಎರಡು ಬ್ಯಾಂಕುಗಳಲ್ಲಿ, ಉಳಿದ ಒಂದು ಲಕ್ಷ ಮೂರನೆಯ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ. ಶೇ ಒಂದೋ ಎರಡೋ ಹೆಚ್ಚು ಕೊಡುವ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಸಹಕಾರಿ ‘ಬ್ಯಾಂಕ್’ಗೆ ಉಂಟು, ಸಹಕಾರ ‘ಸಂಘ’ಕ್ಕೆ ಇಲ್ಲ. ಬೋರ್ಡಿನ ಒಂದು ಪದದಲ್ಲಿ ಇಷ್ಟು ವ್ಯತ್ಯಾಸ.

ಹನ್ನೆರಡು ಲಕ್ಷ ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಬಾಂಡಿಗೆ. ಏಳು ವರ್ಷದ ಅವಧಿ, ಆರು ತಿಂಗಳಿಗೊಮ್ಮೆ ಬಡ್ಡಿ, 2025ರಲ್ಲಿ ದರ ಶೇ 8.05. ಅಕ್ಕನಾದರೆ ಇದೇ ಹಣವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕುವುದು ಮೇಲು: 30 ಲಕ್ಷದವರೆಗೆ ಅವಕಾಶ, ಐದು ವರ್ಷ, 2025-26ರಲ್ಲಿ ಶೇ 8.2, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ.

ಉಳಿದ 18 ಲಕ್ಷ ಷೇರು ಮಾರುಕಟ್ಟೆಯ ಪಾಲು, ನಿಫ್ಟಿಯ ಐವತ್ತು ಕಂಪನಿಗಳಲ್ಲಿ ಹಣ ಹಂಚುವ ಇಂಡೆಕ್ಸ್ ಫಂಡಿನಲ್ಲಿ. ತೆರಿಗೆ, ಸಾಲ ಕಳೆದು ಉಳಿದ 65 ಲಕ್ಷದಲ್ಲಿ ಇದು ಶೇ 28ಕ್ಕಿಂತ ಕಡಿಮೆ. ಕಂತಿನ ಪ್ರಶ್ನೆ ಬರುವುದು ಈ ಪಾಲಿಗೆ ಮಾತ್ರ.

ಒಂದೇ ದಿನ ಹಾಕುವುದರ ಪರವಾಗಿ ಪ್ರಾಮಾಣಿಕವಾದ ವಾದವೊಂದಿದೆ. ಮಾರುಕಟ್ಟೆ ಇಳಿಯುವ ವರ್ಷಗಳಿಗಿಂತ ಏರುವ ವರ್ಷಗಳೇ ಹೆಚ್ಚು, ಆದ್ದರಿಂದ ಕಾಯುವವರು ಸರಾಸರಿಯಲ್ಲಿ ಕಳೆದುಕೊಳ್ಳುತ್ತಾರೆ. ಎಷ್ಟು ಕಳೆದುಕೊಳ್ಳುತ್ತಾರೆ? 18 ಲಕ್ಷವನ್ನು ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಇಡುವ ಲಿಕ್ವಿಡ್ ಫಂಡಿನಲ್ಲಿಟ್ಟು ತಿಂಗಳಿಗೊಂದು ಲಕ್ಷದಂತೆ ವರ್ಗಾಯಿಸುತ್ತೀರಿ, ಆ ಹದಿನೆಂಟು ತಿಂಗಳಲ್ಲಿ ಮಾರುಕಟ್ಟೆ ಒಂದೇ ಸಮನೆ ಶೇ 15 ಏರಿತು ಅನ್ನಿ. ಒಂದೇ ಸಲ ಹಾಕಿದವರಿಗೆ ಲಾಭ 2.7 ಲಕ್ಷ. ಕಂತಿನವರಿಗೆ ಷೇರಿನಲ್ಲಿ ಸುಮಾರು 1.35 ಲಕ್ಷ, ಕಾಯುತ್ತಿದ್ದ ಹಣಕ್ಕೆ ವರ್ಷಕ್ಕೆ ಶೇ 6ರಂತೆ ಸುಮಾರು 81 ಸಾವಿರ. ವ್ಯತ್ಯಾಸ ಅಂದಾಜು 54 ಸಾವಿರ. ಅದೇ ಕಂತಿನ ಬೆಲೆ.

ಆ ಬೆಲೆಗೆ ಸಿಗುವುದೇನು? 2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರದ ಮೇಲಿತ್ತು. 2009ರ ಮಾರ್ಚ್ ಹೊತ್ತಿಗೆ 8 ಸಾವಿರ ಚಿಲ್ಲರೆಗೆ ಬಂದಿತ್ತು. ಹಳೆಯ ಮಟ್ಟ ಮತ್ತೆ ಕಂಡಿದ್ದು 2010ರ ಕೊನೆಯಲ್ಲಿ. ಅಂಥ ಜನವರಿಯಲ್ಲಿ 18 ಲಕ್ಷ ಒಟ್ಟಿಗೆ ಹಾಕಿದವರಿಗೆ ಹದಿನಾಲ್ಕು ತಿಂಗಳಲ್ಲಿ ಕಾಣುವುದು ಏಳು ಲಕ್ಷ. ತಿಂಗಳಿಗೊಂದು ಲಕ್ಷ ಹಾಕಿದವರ ಮೊದಲ ಕಂತುಗಳು ಅಷ್ಟೇ ಪೆಟ್ಟು ತಿಂದರೂ, ಕೊನೆಯ ಕಂತುಗಳು ಅಗ್ಗದಲ್ಲಿ ಕೊಂಡವು. ಇಲ್ಲಿ ಮುಖ್ಯವಾದದ್ದು ಸರಾಸರಿಯಲ್ಲ, ಹಣ ಎಲ್ಲಿಂದ ಬಂತೆಂಬುದು. ಸಂಬಳದ ಹಣ ಕರಗಿದರೆ ಮುಂದಿನ ತಿಂಗಳು ಮತ್ತೆ ಬರುತ್ತದೆ. ಜಮೀನಿನ ಹಣ ಒಂದೇ ಸಲ ಬರುವಂಥದ್ದು, ಅದು ಅರ್ಧಕ್ಕಿಳಿದಾಗ ಬಹಳ ಮಂದಿ ಹೆದರಿ ತಳದಲ್ಲೇ ಮಾರಿ ಹೊರಬರುತ್ತಾರೆ. ಕಂತು ಕಾಯುವುದು ಆ ಹೆದರಿಕೆಯನ್ನು.

ಅವಧಿ ಎಷ್ಟಿರಬೇಕು? ಆರು ತಿಂಗಳಾದರೆ ಒಂದೇ ಕುಸಿತದೊಳಗೆ ಎಲ್ಲ ಕಂತೂ ಮುಗಿದುಹೋಗಬಹುದು. ಮೂರು ವರ್ಷವೆಂದರೆ ಹಣ ಬರೀ ಕಾಯುತ್ತಲೇ ಕೂರುತ್ತದೆ, ಅಷ್ಟರಲ್ಲಿ ಯಾರಾದರೂ ಕೇಳಿಕೊಂಡು ಬರುತ್ತಾರೆ. ಹನ್ನೆರಡರಿಂದ ಹದಿನೆಂಟು ತಿಂಗಳು ಹದವಾದ ಅಳತೆ. ಫಂಡ್ ಸಂಸ್ಥೆಯಲ್ಲಿ ಇದಕ್ಕೆ ಎಸ್‌ಟಿಪಿ ಎನ್ನುತ್ತಾರೆ: ಒಂದೇ ಸಂಸ್ಥೆಯ ಲಿಕ್ವಿಡ್ ಫಂಡಿನಿಂದ ಇಂಡೆಕ್ಸ್ ಫಂಡಿಗೆ, ಮಧ್ಯವರ್ತಿ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ನಲ್ಲಿ, ನಿಗದಿತ ತಾರೀಕಿಗೆ ತಾನಾಗಿ ಹೋಗುವ ವ್ಯವಸ್ಥೆ. ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡಿನ ಮಾರಾಟವೇ, ಅದರ ಚಿಕ್ಕ ಲಾಭ ನಿಮ್ಮ ಆದಾಯಕ್ಕೆ ಸೇರಿ ತೆರಿಗೆಗೆ ಬರುತ್ತದೆ.

ಇದು ಕೆಡುವ ಬಗೆ ಒಂದೇ. ಐದಾರು ಕಂತಾದ ಮೇಲೆ ಮಾರುಕಟ್ಟೆ ಶೇ 15 ಬಿದ್ದಾಗ ‘ಸ್ವಲ್ಪ ನಿಲ್ಲಿಸೋಣ’ ಎಂದು ಆಪ್ ತೆರೆದು ರದ್ದು ಮಾಡುವುದು. ಕಂತು ಹಾಕಿದ ಉದ್ದೇಶವೇ ಆ ತಿಂಗಳು. ನಿಲ್ಲಿಸುವ ಮನಸ್ಸು ಬರುತ್ತಿದ್ದರೆ 18 ಲಕ್ಷವೇ ನಿಮಗೆ ಹೆಚ್ಚಾಗಿತ್ತು ಎಂದು ಅರ್ಥ; ಮುಂದೆ ಹಾಕಬೇಕಾದದ್ದನ್ನು 9 ಲಕ್ಷಕ್ಕೆ ಇಳಿಸಿ, ಆದರೆ ಹೊರಟ ಕಂತನ್ನು ನಡುವೆ ಕಡಿಯಬೇಡಿ.

ಒಂದೇ ಕಡೆ ಎಷ್ಟು ಹೆಚ್ಚು

ಜಮೀನಿದ್ದಾಗ ನಿಮ್ಮ ಹಣವೆಲ್ಲ ಒಂದೇ ಕಡೆ ಇತ್ತಲ್ಲ, ಈಗೇಕೆ ಹಂಚಬೇಕು ಎಂದು ಕೇಳುವವರಿದ್ದಾರೆ. ಜಮೀನಿನ ಮೇಲೆ ಸಾಲವಿರಲಿಲ್ಲ, ಅದು ಓಡಿಹೋಗುವಂತಿರಲಿಲ್ಲ, ಅದರ ಬೆಲೆ ಯಾರೂ ದಿನವೂ ಹೇಳುತ್ತಿರಲಿಲ್ಲ. ಕಂದಾಯ ನಿವೇಶನ, ಬಾವಮೈದನ ಕ್ರಷರ್, ತಿಂಗಳಿಗೆ ಶೇ 1.5 ಬಡ್ಡಿಯ ‘ಸ್ಕೀಮು’ ಇವುಗಳಿಗೆ ಈ ಗುಣಗಳಿಲ್ಲ.

ನಾವು ಹಿಡಿಯುವ ಮಿತಿ ಸರಳ. ಒಬ್ಬ ಸಾಲಗಾರ, ಒಂದು ಕಟ್ಟಡ, ಒಂದು ವ್ಯವಹಾರ ಇವುಗಳಲ್ಲಿ ಯಾವುದಕ್ಕೂ ಒಟ್ಟು ಹಣದ ಹತ್ತನೇ ಒಂದಕ್ಕಿಂತ ಹೆಚ್ಚು ಬೇಡ. 65 ಲಕ್ಷಕ್ಕೆ ಅದು ಆರೂವರೆ ಲಕ್ಷ. ಕೇಂದ್ರ ಸರ್ಕಾರದ ಮತ್ತು ಅದರ ಸ್ವಾಮ್ಯದ ಸಂಸ್ಥೆಗಳ ಬಾಂಡು, ಅಂಚೆ ಯೋಜನೆ, ಐವತ್ತು ಕಂಪನಿಗಳಿರುವ ಇಂಡೆಕ್ಸ್ ಫಂಡು ಈ ಮಿತಿಗೆ ಹೊರತು. ಬಾವಮೈದನಿಗೆ ಕೊಡಲೇಬೇಕಾದ ಸಂದರ್ಭವಿದ್ದರೆ ಆರೂವರೆ ಲಕ್ಷ ಕೊಡಿ, ಬ್ಯಾಂಕ್ ಮೂಲಕ, ಬರವಣಿಗೆಯಲ್ಲಿ, ವಾಪಸ್ ಬರದಿದ್ದರೂ ನಡೆಯುತ್ತದೆಂದು ಎಣಿಸಿಕೊಂಡು. ನಿವೇಶನವಾದರೆ ಇ-ಖಾತಾ, ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರದ ಅನುಮೋದಿತ ಬಡಾವಣೆ ನಕ್ಷೆ ಮೂರೂ ಕಾಗದದಲ್ಲಿ ಕಾಣಿಸುವವರೆಗೆ ಮುಂಗಡವೂ ಬೇಡ. ‘ಮುಂದಿನ ತಿಂಗಳು ಆಗುತ್ತೆ’ ಎಂದರೆ ಮುಂದಿನ ತಿಂಗಳೇ ಬನ್ನಿ ಎನ್ನಿ.

ಕೊನೆಯದಾಗಿ, ಅಪಾಯವೆಂದು ಕಾಣಿಸದ ಅಪಾಯ. ಖಾತೆಗೆ 75 ಲಕ್ಷ ಬಿದ್ದ ವಾರದಲ್ಲೇ ಬ್ಯಾಂಕಿನವರು ಕಾಫಿಗೆ ಕರೆಯುತ್ತಾರೆ. ‘ಎಫ್‌ಡಿ ಥರಾನೇ ಸರ್, ಇನ್ನೂ ಚೆನ್ನಾಗಿದೆ’ ಎಂದು ಮುಂದಿಡುವ ಅರ್ಜಿಯ ತಲೆಬರಹದಲ್ಲಿ ಜೀವ ವಿಮಾ ಕಂಪನಿಯ ಹೆಸರಿದ್ದರೆ ಅದು ಠೇವಣಿಯಲ್ಲ. ವರ್ಷಕ್ಕೆ ಹತ್ತು ಲಕ್ಷದಂತೆ ಐದೋ ಹತ್ತೋ ವರ್ಷ ಕಂತು ಕಟ್ಟುವ ಪಾಲಿಸಿ. ಎರಡನೆಯ ಕಂತು ಕಟ್ಟಲಾಗದಿದ್ದರೆ ಮೊದಲನೆಯದರ ದೊಡ್ಡ ಭಾಗ ಹೋಗುತ್ತದೆ. ‘ಪ್ರೀಮಿಯಂ ಪಾವತಿ ಅವಧಿ’ ಎಂಬ ಸಾಲು ಅರ್ಜಿಯಲ್ಲಿದೆಯೇ ಹುಡುಕಿ. ಈಗಾಗಲೇ ಸಹಿ ಹಾಕಿದ್ದರೂ ದಾರಿಯಿದೆ: ಪಾಲಿಸಿ ದಾಖಲೆ ಕೈಸೇರಿದ 30 ದಿನದೊಳಗೆ ರದ್ದತಿಯ ಪತ್ರವನ್ನು ವಿಮಾ ಕಂಪನಿಗೇ, ಬ್ಯಾಂಕಿಗಲ್ಲ, ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದರೆ, ಮುದ್ರಾಂಕ ಮತ್ತು ವೈದ್ಯಕೀಯ ತಪಾಸಣೆಯಂಥ ಸಣ್ಣ ಖರ್ಚು ಕಳೆದು ಹಣ ವಾಪಸ್ ಬರುತ್ತದೆ.